ಬಿರುಕು ಬಿಡದ ಕೇಕ್ ರೋಲ್: ಹಿಟ್ಟಿನ ದಪ್ಪದಿಂದ ಬಿಸಿಯಲ್ಲೇ ಸುತ್ತುವವರೆಗೆ

ಕೇಕ್ ರೋಲ್‌ನಲ್ಲಿ ಬಿರುಕು ಕಣ್ಣಿಗೆ ಬೀಳುವುದು ಸುತ್ತುವಾಗ. ಹಾಗಾಗಿ ಎಲ್ಲರೂ ಸುತ್ತಿದ ಕೈಯನ್ನೇ ದೂರುತ್ತಾರೆ. ಆದರೆ ಬಹುಪಾಲು ಬಿರುಕುಗಳಿಗೆ ಕಾರಣ ಅದಕ್ಕೂ ಮುಂಚಿನದು. ಹಿಟ್ಟು ಟ್ರೇಯಲ್ಲಿ ಎಷ್ಟು ದಪ್ಪ ಕೂತಿತು, ಓವನ್‌ನಲ್ಲಿ ಎಷ್ಟು ಹೊತ್ತು ಇತ್ತು, ಹೊರಗೆ ಬಂದ ಮೇಲೆ ಎಷ್ಟು ಹೊತ್ತು ಸುಮ್ನೆ ಬಿದ್ದಿತ್ತು ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಈ ಮೂರು ಸರಿಯಾದರೆ ಸುತ್ತುವ ಕೆಲಸಕ್ಕೆ ವಿಶೇಷ ಕೈಚಳಕವೇನೂ ಬೇಕಿಲ್ಲ.

ಮೊದಲು ಬಿರುಕು ಏಕೆ ಬರುತ್ತದೆ ಅಂತ ನೋಡಿಬಿಡೋಣ. ಯಾವುದೇ ಹಾಳೆಯನ್ನು ಬಗ್ಗಿಸಿದಾಗ ಒಳಮೈ ಒತ್ತಿಕೊಳ್ಳುತ್ತದೆ, ಹೊರಮೈ ಹಿಗ್ಗಬೇಕಾಗುತ್ತದೆ. ಸ್ಪಾಂಜ್ ತುಂಬ ಗಾಳಿಗುಳ್ಳೆಗಳೇ ಇರುವುದರಿಂದ ಒತ್ತಿಕೊಳ್ಳುವುದು ಅದಕ್ಕೆ ಸುಲಭ. ಹಿಗ್ಗುವುದು ಮಾತ್ರ ಕಷ್ಟ. ಅದಕ್ಕೇ ಬಿರುಕು ಯಾವಾಗಲೂ ಹೊರಮೈಯಲ್ಲೇ ಶುರುವಾಗುತ್ತದೆ. ಕೇಕ್ ದಪ್ಪವಿದ್ದಷ್ಟೂ ಹೊರಮೈ ಜಾಸ್ತಿ ಹಿಗ್ಗಬೇಕು. ತಿರುವು ಬಿಗಿಯಾದಷ್ಟೂ ಹಾಗೆಯೇ. ಇನ್ನು ಕೇಕ್ ಒಣಗಿದ್ದರೆ ಹಿಗ್ಗುವ ಶಕ್ತಿಯೇ ಇರುವುದಿಲ್ಲ. ಹಾಗಂತ ತೀರಾ ತೆಳ್ಳಗೆ ಮಾಡಿದರೆ ಅದು ಓವನ್‌ನಲ್ಲೇ ಒಣಗಿ ಗರಿಗರಿಯಾಗುತ್ತದೆ. ದಪ್ಪಕ್ಕೂ ತೇವಕ್ಕೂ ನಡುವಿನ ಈ ಎಳೆದಾಟವನ್ನು ಸರಿದೂಗಿಸುವುದೇ ಇಲ್ಲಿನ ಕೆಲಸ.

ಟ್ರೇ ಮತ್ತು ಅಳತೆ

ನಾನು ಇಲ್ಲಿ ಹೇಳುವ ಅಳತೆ 23 ಸೆಂ.ಮೀ. ಅಗಲ, 33 ಸೆಂ.ಮೀ. ಉದ್ದದ ಟ್ರೇಗೆ. ಮನೆಯ ಓವನ್‌ಗಳಲ್ಲಿ ಸಾಮಾನ್ಯವಾಗಿ ಹಿಡಿಸುವ ಅಳತೆ ಇದು.

- ಮೊಟ್ಟೆ 3 (ಸಿಪ್ಪೆ ಬಿಟ್ಟು 150 ಗ್ರಾಂ)
- ಸಕ್ಕರೆ 75 ಗ್ರಾಂ
- ಮೈದಾ 60 ಗ್ರಾಂ
- ವಾಸನೆಯಿಲ್ಲದ ಎಣ್ಣೆ 20 ಗ್ರಾಂ
- ಹಾಲು 30 ಗ್ರಾಂ
- ಚಿಟಿಕೆ ಉಪ್ಪು, ಅರ್ಧ ಚಮಚ ವೆನಿಲಾ ಎಸೆನ್ಸ್

ಬೇಕಿಂಗ್ ಪೌಡರ್ ಬೇಡ. ಮೊಟ್ಟೆಯ ನೊರೆಯೇ ಸಾಕಷ್ಟು ಉಬ್ಬಿಸುತ್ತದೆ. ಅದರ ಮೇಲೆ ಪೌಡರ್ ಕೂಡ ಸೇರಿದರೆ ಗುಳ್ಳೆಗಳು ದೊಡ್ಡದಾಗಿ, ಕೇಕ್ ಬಗ್ಗಿಸಿದ ಕೂಡಲೇ ಉದುರುವಂತಾಗುತ್ತದೆ. ಸಕ್ಕರೆ ಕಡಿಮೆ ಮಾಡಬೇಕು ಅನ್ನಿಸಿದರೂ ಈ ಕೇಕ್‌ನಲ್ಲಿ ಮಾಡಬೇಡಿ. ಸಕ್ಕರೆ ಬರೀ ಸಿಹಿಗಲ್ಲ, ನೀರಿನಂಶವನ್ನು ಹಿಡಿದಿಟ್ಟುಕೊಳ್ಳುವುದೂ ಅದೇ. 75 ಗ್ರಾಂ ಇದ್ದದ್ದು 45 ಗ್ರಾಂ ಆದರೆ ಕೇಕ್ ಸಪ್ಪೆಯಾಗುವ ಜೊತೆಗೆ ಗಡುಸೂ ಆಗುತ್ತದೆ. ಸಿಹಿ ಕಡಿಮೆ ಬೇಕಿದ್ದರೆ ಒಳಗೆ ಹಚ್ಚುವ ಕ್ರೀಮ್‌ನಲ್ಲಿ ಕಡಿಮೆ ಮಾಡಿ. 75 ಗ್ರಾಂನಲ್ಲಿ 10 ಗ್ರಾಂ ತೆಗೆದು ಅಷ್ಟೇ ಜೇನುತುಪ್ಪ ಹಾಕಿದರೆ ಮೆತುವು ಇನ್ನೂ ಸ್ವಲ್ಪ ಹೆಚ್ಚುತ್ತದೆ.

ನಿಮ್ಮ ಟ್ರೇ ಬೇರೆ ಅಳತೆಯದ್ದಾದರೆ ಗಾಬರಿ ಬೇಡ. ಉದ್ದವನ್ನು ಅಗಲದಿಂದ ಗುಣಿಸಿ. ಸುಮಾರು 250 ಚದರ ಸೆಂಟಿಮೀಟರಿಗೆ ಒಂದು ಮೊಟ್ಟೆ ಅಂತ ಲೆಕ್ಕ ಹಿಡಿಯಿರಿ. 25 × 38 ಟ್ರೇ ಅಂದರೆ 950, ಅದಕ್ಕೆ 4 ಮೊಟ್ಟೆ. 20 × 30 ಅಂದರೆ 600, ಅದಕ್ಕೆ ಎರಡು ಮೊಟ್ಟೆ ಕಡಿಮೆ, ಮೂರು ಜಾಸ್ತಿ. ಆಗ ಮೊಟ್ಟೆ ಒಡೆದು ಕಲಸಿ 120 ಗ್ರಾಂ ತೂಗಿಕೊಳ್ಳಿ. ಉಳಿದ ಎಲ್ಲವನ್ನೂ ಅದೇ ಪ್ರಮಾಣದಲ್ಲಿ ಹೆಚ್ಚು ಕಡಿಮೆ ಮಾಡಿ.

ಟ್ರೇಯ ತಳಕ್ಕೂ ನಾಲ್ಕು ಬದಿಗೂ ಬೇಕಿಂಗ್ ಪೇಪರ್ ಹಾಸಿ. ಮೂಲೆಗಳಲ್ಲಿ ಪೇಪರನ್ನು ಕತ್ತರಿಸಿ ಒಂದರ ಮೇಲೊಂದು ಕೂರಿಸಿದರೆ ಸುಕ್ಕು ಬರುವುದಿಲ್ಲ. ಪೇಪರಿನಲ್ಲಿ ಸುಕ್ಕಿದ್ದರೆ ಕೇಕಿನಲ್ಲಿ ಗೀರು ಬೀಳುತ್ತದೆ, ಆ ಗೀರೇ ಮುಂದೆ ಬಿರುಕಿಗೆ ದಾರಿಯಾಗುತ್ತದೆ.

ನೊರೆ ಮತ್ತು ಹಿಟ್ಟು

ಓವನ್ 180 ಡಿಗ್ರಿ ಸೆಲ್ಸಿಯಸ್‌ಗೆ ಮೊದಲೇ ಬಿಸಿಯಾಗಿರಲಿ. ಹಿಟ್ಟು ಸಿದ್ಧವಾದ ಮೇಲೆ ಕಾಯುವ ಹಾಗಿಲ್ಲ.

ಮೊಟ್ಟೆ, ಸಕ್ಕರೆ, ಉಪ್ಪನ್ನು ಬಟ್ಟಲಿಗೆ ಹಾಕಿ ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕೈಯಾಡಿಸಿ. ಬೆರಳಿಟ್ಟರೆ ಮೈಬಿಸಿಗಿಂತ ಒಂದಿಷ್ಟೇ ಜಾಸ್ತಿ, ಅಂದರೆ 40 ಡಿಗ್ರಿ ಆಸುಪಾಸು ಬಂದಾಗ ಇಳಿಸಿ. ಬೆಚ್ಚಗಾದ ಮೊಟ್ಟೆ ಬೇಗ ನೊರೆಯಾಗುತ್ತದೆ, ಸಕ್ಕರೆಯೂ ಚೆನ್ನಾಗಿ ಕರಗುತ್ತದೆ. ಎಲೆಕ್ಟ್ರಿಕ್ ಬೀಟರಿನಲ್ಲಿ ಜೋರು ವೇಗದಲ್ಲಿ ಬೀಟ್ ಮಾಡಿ. ಸಾಮಾನ್ಯವಾಗಿ ಆರೆಂಟು ನಿಮಿಷ ಬೇಕಾಗುತ್ತದೆ. ಬೀಟರ್ ಎತ್ತಿದಾಗ ನೊರೆ ದಪ್ಪ ಪಟ್ಟಿಯಂತೆ ಇಳಿದು, ಕೆಳಗಿನ ನೊರೆಯ ಮೇಲೆ ಎಳೆದ ಗೆರೆ ನಾಲ್ಕೈದು ಸೆಕೆಂಡ್ ಹಾಗೇ ನಿಲ್ಲಬೇಕು. ಅಲ್ಲಿಗೆ ನಿಲ್ಲಿಸಿಬಿಡಬೇಡಿ. ವೇಗ ಪೂರ್ತಿ ಇಳಿಸಿ ಇನ್ನೂ ಒಂದೆರಡು ನಿಮಿಷ ಬೀಟ್ ಮಾಡಿ. ಕಣ್ಣಿಗೆ ಕಾಣುವ ದೊಡ್ಡ ಗುಳ್ಳೆಗಳು ಒಡೆದು ನೊರೆ ನುಣ್ಣಗಾಗಿ ಹೊಳೆಯತೊಡಗುತ್ತದೆ. ನನ್ನ ಮಟ್ಟಿಗೆ ಈ ಎರಡು ನಿಮಿಷ ಬಹಳ ಮುಖ್ಯ. ದೊಡ್ಡ ಗುಳ್ಳೆ ಇರುವ ಕಡೆ ಕೇಕಿನ ಗೋಡೆ ತೆಳುವಾಗಿರುತ್ತದೆ, ಬಗ್ಗಿಸಿದಾಗ ಮೊದಲು ಹರಿಯುವುದು ಅಲ್ಲಿಯೇ.

ಮೈದಾವನ್ನು ಜರಡಿ ಹಿಡಿದು ಎರಡು ಸಲವಾಗಿ ನೊರೆಯ ಮೇಲೆ ಉದುರಿಸಿ. ಸ್ಪ್ಯಾಚುಲಾವನ್ನು ತಳಕ್ಕೆ ಇಳಿಸಿ, ಬಟ್ಟಲಿನ ಅಂಚಿನಗುಂಟ ಮೇಲೆ ತಂದು ಮಗುಚಿ. ಇನ್ನೊಂದು ಕೈಯಲ್ಲಿ ಬಟ್ಟಲನ್ನು ತಿರುಗಿಸುತ್ತಾ ಇರಿ. ಒಣ ಹಿಟ್ಟು ಕಾಣದಾದಾಗ ಮುಂದಿನ ಹಂತ. ಹಾಲು ಮತ್ತು ಎಣ್ಣೆಯನ್ನು ಬೇರೆ ಬಟ್ಟಲಿನಲ್ಲಿ ಬೆಚ್ಚಗೆ ಮಾಡಿಟ್ಟುಕೊಂಡಿರಿ. ಅದಕ್ಕೆ ವೆನಿಲಾ ಎಸೆನ್ಸ್ ಮತ್ತು ಎರಡು ಸೌಟು ಹಿಟ್ಟು ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಅದನ್ನು ದೊಡ್ಡ ಬಟ್ಟಲಿಗೆ ಸುರಿದು ಮಗುಚಿ. ಎಣ್ಣೆಯನ್ನು ನೇರವಾಗಿ ಸುರಿದರೆ ಅದು ತಳಕ್ಕೆ ಇಳಿದು ಕೂರುತ್ತದೆ. ಬೇಯಿಸಿದಾಗ ತಳದಲ್ಲಿ ರಬ್ಬರಿನಂಥ ಪದರ ಕಾಣುವುದು ಅದಕ್ಕೇ.

ಈಗ ದಪ್ಪದ ಲೆಕ್ಕಕ್ಕೆ ಬರೋಣ. 100 ಮಿ.ಲೀ. ಅಳತೆಯ ಒಂದು ಪುಟ್ಟ ಲೋಟ ತೆಗೆದುಕೊಂಡು, ಹಿಟ್ಟು ತುಂಬಿ ತೂಗಿ. ಲೋಟದ ತೂಕ ಬಿಟ್ಟು 45 ಗ್ರಾಂ ಆಸುಪಾಸು ಬರಬೇಕು. ಒಟ್ಟು ಹಿಟ್ಟು ಸುಮಾರು 335 ಗ್ರಾಂ. 100 ಮಿ.ಲೀ.ಗೆ 45 ಗ್ರಾಂ ಅಂದರೆ ಇಷ್ಟು ಹಿಟ್ಟಿನ ಗಾತ್ರ ಸುಮಾರು 745 ಮಿ.ಲೀ. ನಮ್ಮ ಟ್ರೇ 23 × 33, ಅಂದರೆ 759 ಚದರ ಸೆಂಟಿಮೀಟರ್. ಭಾಗಿಸಿದರೆ ಹಿಟ್ಟಿನ ದಪ್ಪ ಹೆಚ್ಚುಕಡಿಮೆ 1 ಸೆಂ.ಮೀ. ನಮಗೆ ಬೇಕಾದದ್ದೂ ಅದೇ. ಬೆಂದಾಗ ಅದು ಒಂದೂವರೆ ಸೆಂ.ಮೀ. ಹತ್ತಿರ ಬರುತ್ತದೆ.

ಲೋಟದಲ್ಲಿನ ಹಿಟ್ಟಿನ ತೂಕ 60 ಗ್ರಾಂ ದಾಟಿದರೆ ನೊರೆ ಕುಸಿದಿದೆ ಎಂದರ್ಥ. ಜಾಸ್ತಿ ಕಲಸಿರಬಹುದು, ಅಥವಾ ಬೀಟ್ ಮಾಡಿದ್ದು ಸಾಲದೇ ಇರಬಹುದು. ಇಂಥ ಹಿಟ್ಟು ತೆಳ್ಳಗೆ ಹರಡಿ ಒತ್ತೊತ್ತಾಗಿ ಬೇಯುತ್ತದೆ. 35 ಗ್ರಾಂ ಅಥವಾ ಅದಕ್ಕೂ ಕಡಿಮೆ ಬಂದರೆ ಗಾಳಿ ಜಾಸ್ತಿಯಾಗಿದೆ. ಆ ಕೇಕ್ ಓವನ್‌ನಲ್ಲಿ ಚೆನ್ನಾಗಿ ಉಬ್ಬಿ ಆಸೆ ಹುಟ್ಟಿಸುತ್ತದೆ, ಹೊರಗೆ ಬಂದ ಮೇಲೆ ಕುಗ್ಗಿ ಸುಕ್ಕಾಗುತ್ತದೆ. ಹಾಗಾದರೆ ಸ್ಪ್ಯಾಚುಲಾದಲ್ಲಿ ಇನ್ನೂ ಐದಾರು ಸಲ ಮಗುಚಿದರೆ ಸರಿಹೋಗುತ್ತದೆ.

ಹಿಟ್ಟನ್ನು ಟ್ರೇಯ ನಡುವೆ ಒಂದೇ ಕಡೆ ಸುರಿಯಬೇಡಿ. ಉದ್ದಕ್ಕೂ ಸುರಿದು, ಮೊದಲು ನಾಲ್ಕು ಮೂಲೆಗಳಿಗೆ ತಳ್ಳಿ, ಆಮೇಲೆ ನಡುಭಾಗವನ್ನು ಸಮ ಮಾಡಿ. ಸ್ಕ್ರೇಪರ್ ಇದ್ದರೆ ಅದನ್ನು ಓರೆಯಾಗಿ ಹಿಡಿದು ಪ್ರತಿ ಬದಿಗೂ ಒಂದೊಂದು ಸಲ ಎಳೆದರೆ ಸಾಕು. ಮತ್ತೆ ಮತ್ತೆ ಎಳೆದಷ್ಟೂ ಗಾಳಿ ಹೋಗುತ್ತದೆ. ಸಮವಾಗಿದೆಯೇ ಅಂತ ತಿಳಿಯಲು ಟೂತ್‌ಪಿಕ್ ಒಂದರ ಮೇಲೆ 1 ಸೆಂ.ಮೀ.ಗೆ ಗುರುತು ಹಾಕಿ ನಾಲ್ಕು ಮೂಲೆ ಮತ್ತು ನಡುವೆ ಚುಚ್ಚಿ ನೋಡಿ. ಬಹಳಷ್ಟು ಸಲ ನಡುವೆ ದಪ್ಪ, ಅಂಚಿನಲ್ಲಿ ತೆಳು ಇರುತ್ತದೆ. ಅಂಚು ಬೇಗ ಬೆಂದು ಒಣಗುತ್ತದೆ. ನಡುಭಾಗ ಬೇಯಲಿ ಅಂತ ಕಾಯುವಷ್ಟರಲ್ಲಿ ಅಂಚು ಕೈಬಿಟ್ಟುಹೋಗಿರುತ್ತದೆ. ಕೊನೆಗೆ ಟ್ರೇಯನ್ನು ಒಂದು ಸಲ ಮೇಜಿಗೆ ಕುಟ್ಟಿ ಓವನ್‌ಗೆ ಇಡಿ.

ಓವನ್‌ನಲ್ಲಿ

ನಡುವಿನ ಅಂತಸ್ತಿನಲ್ಲಿ, 180 ಡಿಗ್ರಿಯಲ್ಲಿ 10ರಿಂದ 12 ನಿಮಿಷ. ಒಂಬತ್ತನೇ ನಿಮಿಷದಿಂದಲೇ ಕಣ್ಣಿಟ್ಟಿರಿ. ಇಷ್ಟು ತೆಳ್ಳಗಿನ ಕೇಕಿಗೆ ಎರಡು ನಿಮಿಷ ಅಂದರೆ ದೊಡ್ಡ ಅಂತರ. ದಪ್ಪ ಕೇಕಿನಲ್ಲಿ ಎರಡು ನಿಮಿಷ ಹೆಚ್ಚಾದರೆ ಯಾರಿಗೂ ಗೊತ್ತಾಗುವುದಿಲ್ಲ.

ಒಣಗುತ್ತದೆ ಅನ್ನುವ ಭಯಕ್ಕೆ 150 ಡಿಗ್ರಿಗೆ ಇಳಿಸುವವರಿದ್ದಾರೆ. ಅದು ತಿರುಗುಬಾಣವಾಗುತ್ತದೆ. ಬಿಸಿ ಕಡಿಮೆಯಾದರೆ ಬೇಯಲು ಹೊತ್ತು ಹಿಡಿಯುತ್ತದೆ, ಅಷ್ಟೂ ಹೊತ್ತು ತೇವ ಹೋಗುತ್ತಲೇ ಇರುತ್ತದೆ. ಒಳ್ಳೆಯ ಬಿಸಿಯಲ್ಲಿ ಬೇಗ ಬೇಯಿಸಿ ಬೇಗ ತೆಗೆಯುವುದೇ ಸರಿ. ನಿಮ್ಮ ಓವನ್‌ನಲ್ಲಿ ಕೆಳಗಿನ ಕಾವು ಜಾಸ್ತಿ ಇದ್ದರೆ ಇನ್ನೊಂದು ಟ್ರೇಯನ್ನು ಅಡಿಗೆ ಇಡಿ. ತಳ ಕಂದಾದರೆ ಅದು ಬಗ್ಗುವುದಿಲ್ಲ.

ಬೆಂದಿದೆಯೇ ಅಂತ ತಿಳಿಯಲು ಕಡ್ಡಿ ಚುಚ್ಚುವುದು ಇಲ್ಲಿ ಅಷ್ಟು ಉಪಯೋಗವಿಲ್ಲ. ಕಡ್ಡಿ ಒಣಗಿ ಬರುವುದು ಸರಿಯಾಗಿ ಬೆಂದಾಗಲೂ ಹೌದು, ಅತಿಯಾಗಿ ಬೆಂದಾಗಲೂ ಹೌದು. ಬೆರಳಿನ ತುದಿಯಿಂದ ನಡುವೆ ಮೆಲ್ಲಗೆ ಒತ್ತಿ. ಗುಳಿ ಹಾಗೇ ಉಳಿದು, ನೊರೆ ಒಡೆದಂತೆ ಒಳಗೆ ಚುರುಚುರು ಸದ್ದು ಬಂದರೆ ಇನ್ನೂ ಒಂದು ನಿಮಿಷ ಬೇಕು. ಒತ್ತಿದ ಜಾಗ ಮೆಲ್ಲಗೆ ಮೇಲೆದ್ದರೆ ಆಯಿತು. ಮೇಲ್ಮೈ ತಿಳಿ ಹೊಂಬಣ್ಣಕ್ಕೆ ಬಂದಿರಬೇಕು. ಕೇಕ್ ಅಂಚನ್ನು ಬಿಡಲು ಈಗಷ್ಟೇ ಶುರುಮಾಡಿರಬೇಕು. ಅಂಚಿನಲ್ಲಿ ಬೆರಳಗಲ ಜಾಗ ಬಿಟ್ಟು, ಮುಟ್ಟಿದರೆ ಬಿಸ್ಕತ್ತಿನಂತೆ ಗಟ್ಟಿ ಎನಿಸಿದರೆ ಹೊತ್ತು ಮೀರಿದೆ.

ಬಿಸಿಯಲ್ಲೇ ಸುತ್ತುವುದು

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರಲ್ಲ, ಈ ಕೇಕಿಗೆ ಅದು ಅಕ್ಷರಶಃ ನಿಜ. ಬಿಸಿ ಇರುವಾಗ ಮೈದಾದ ಪಿಷ್ಟ ಇನ್ನೂ ಮೆತ್ತಗಿರುತ್ತದೆ, ಒಳಗೆ ಹಬೆ ಇರುತ್ತದೆ, ಹಾಗಾಗಿ ಕೇಕ್ ಹೇಳಿದಂತೆ ಕೇಳುತ್ತದೆ. ಆರುತ್ತಾ ಹೋದಂತೆ ಪಿಷ್ಟ ಬಿಗಿಯುತ್ತದೆ. ಆಗ ಯಾವ ಆಕಾರದಲ್ಲಿದೆಯೋ ಅದೇ ಅದರ ಆಕಾರವಾಗಿ ನಿಲ್ಲುತ್ತದೆ. ಚಪ್ಪಟೆಯಾಗಿ ಆರಿದರೆ ಚಪ್ಪಟೆ, ಸುರುಳಿಯಾಗಿ ಆರಿದರೆ ಸುರುಳಿ.

ಓವನ್‌ನಿಂದ ಬಂದ ತಕ್ಷಣ ಪೇಪರ್ ಹಿಡಿದು ಕೇಕನ್ನು ಟ್ರೇಯಿಂದ ಹೊರಗೆ ಎಳೆದುಕೊಳ್ಳಿ. ಬಿಸಿ ಟ್ರೇಯಲ್ಲೇ ಬಿಟ್ಟರೆ ಅದು ಬೇಯುತ್ತಲೇ ಇರುತ್ತದೆ. ಬದಿಯ ಪೇಪರ್ ಬಿಡಿಸಿ ಎರಡು ಮೂರು ನಿಮಿಷ ಬಿಡಿ. ಕೈಗೆ ತಾಳುವಷ್ಟು ಬಿಸಿ ಇರಬೇಕು, ಅದಕ್ಕಿಂತ ಆರಬಾರದು.

ಇಲ್ಲಿ ಯಾವ ಮೈ ಹೊರಗೆ ಬರಬೇಕು ಅನ್ನುವುದನ್ನು ಮೊದಲೇ ತೀರ್ಮಾನಿಸಿ. ಬಣ್ಣ ಬಂದ ಮೇಲ್ಮೈ ಒಣಗಿರುತ್ತದೆ, ಅದಕ್ಕೆ ಹಿಗ್ಗುವ ಗುಣ ಕಡಿಮೆ. ಪೇಪರಿಗೆ ಅಂಟಿದ್ದ ತಳ ತೇವವಾಗಿರುತ್ತದೆ. ಹಾಗಾಗಿ ತಳ ಹೊರಗೆ, ಬಣ್ಣದ ಮೈ ಒಳಗೆ ಬರುವಂತೆ ಸುತ್ತಿದರೆ ಬಿರುಕಿನ ಭಯ ಕಡಿಮೆ. ಹೊಂಬಣ್ಣ ಹೊರಗಿದ್ದರೆ ನೋಡಲು ಚೆಂದ, ಒಪ್ಪುತ್ತೇನೆ. ಆದರೆ ಮೊದಲ ಕೆಲವು ಸಲ ತಳವನ್ನೇ ಹೊರಗಿಡಿ ಅನ್ನುವುದು ನನ್ನ ಸಲಹೆ.

ಅದಕ್ಕೆ ಎರಡು ಸಲ ಮಗುಚಬೇಕು. ಕೇಕಿನ ಮೇಲೆ ಹೊಸ ಬೇಕಿಂಗ್ ಪೇಪರ್ ಹಾಸಿ, ಅದರ ಮೇಲೆ ಒಂದು ಹಲಗೆ ಅಥವಾ ಇನ್ನೊಂದು ಟ್ರೇ ಇಟ್ಟು ಒಟ್ಟಿಗೆ ಮಗುಚಿ. ಈಗ ತಳ ಮೇಲೆ ಬಂತು. ಹಳೆಯ ಪೇಪರನ್ನು ಮೂಲೆಯಿಂದ, ಕೇಕಿಗೆ ಒತ್ತಿಕೊಂಡಂತೆ ಹಿಂದಕ್ಕೆ ಮಡಚುತ್ತಾ ನಿಧಾನವಾಗಿ ಬಿಡಿಸಿ. ನೇರ ಮೇಲಕ್ಕೆ ಎಳೆದರೆ ಕೇಕ್ ಕೂಡ ಕಿತ್ತು ಬರುತ್ತದೆ. ಆಮೇಲೆ ತಳದ ಮೇಲೆ ಒಗೆದ ತೆಳು ಹತ್ತಿ ಬಟ್ಟೆ ಅಥವಾ ಇನ್ನೊಂದು ಪೇಪರ್ ಹಾಸಿ ಮತ್ತೆ ಮಗುಚಿ, ಈಗ ಮೇಲೆ ಬಂದ ಪೇಪರ್ ತೆಗೆಯಿರಿ. ಬಟ್ಟೆಯಾದರೆ ಮೊದಲು ಅದರ ಮೇಲೆ ಪುಡಿ ಸಕ್ಕರೆ ಉದುರಿಸಿರಿ, ಅಂಟಿಕೊಳ್ಳುವುದಿಲ್ಲ.

ನಾಲ್ಕೂ ಅಂಚನ್ನು ಹರಿತವಾದ ಚಾಕುವಿನಿಂದ ಅರ್ಧ ಸೆಂಟಿಮೀಟರಿನಷ್ಟು ಕತ್ತರಿಸಿ ತೆಗೆಯಿರಿ. ಬಿರುಕು ಸಾಮಾನ್ಯವಾಗಿ ಒಣಗಿದ ಅಂಚಿನಿಂದಲೇ ಒಳಕ್ಕೆ ಹೋಗುವುದು. ಅಂಚೇ ಇಲ್ಲದಿದ್ದರೆ ಅದು ಶುರುವಾಗಲು ಜಾಗವಿಲ್ಲ. ಸುತ್ತಲು ಶುರುಮಾಡುವ ಕಿರಿಯ ಬದಿಯಲ್ಲಿ, ಅಂಚಿನಿಂದ ಒಂದೊಂದು ಸೆಂ.ಮೀ. ಅಂತರದಲ್ಲಿ ಬದಿಗೆ ಸಮಾನಾಂತರವಾಗಿ ಮೂರು ಗೀರು ಹಾಕಿ. ಆಳ ಕೇಕಿನ ದಪ್ಪದ ಮೂರನೇ ಒಂದು ಭಾಗ ಮಾತ್ರ. ಮೊದಲ ಸುತ್ತೇ ಎಲ್ಲಕ್ಕಿಂತ ಬಿಗಿ. ಗೀರು ಹಾಕಿದ ಕಡೆ ಕೇಕ್ ಒಳಮುಖವಾಗಿ ಸುಲಭವಾಗಿ ಮಡಚಿಕೊಳ್ಳುತ್ತದೆ, ಹೊರಮೈಯ ಮೇಲೆ ಎಳೆತ ಕಡಿಮೆಯಾಗುತ್ತದೆ. ಎದುರು ಬದಿಯ ಅಂಚನ್ನು ಓರೆಯಾಗಿ ಕತ್ತರಿಸಿದರೆ ಕೊನೆಯಲ್ಲಿ ಸುರುಳಿ ಏಣಿಲ್ಲದೆ ಕೂರುತ್ತದೆ.

ಈಗ ಬಟ್ಟೆ ಅಥವಾ ಪೇಪರಿನ ಸಮೇತ ಸುತ್ತಿ. ಮೊದಲ ಮಡಿಕೆಯನ್ನು ಕೈಯಿಂದ ಮೆಲ್ಲಗೆ ಒತ್ತಿ ಕೂರಿಸಿ, ಆಮೇಲೆ ಬಟ್ಟೆಯನ್ನು ಎತ್ತುತ್ತಾ ಹೋದರೆ ಕೇಕ್ ತಾನಾಗಿಯೇ ಉರುಳುತ್ತದೆ. ಬಿಗಿಯಾಗಿ ಹಿಂಡಬೇಡಿ. ಒಳಗೆ ಬಟ್ಟೆಯೂ ಇದೆ, ಮುಂದೆ ಕ್ರೀಮ್‌ಗೂ ಜಾಗ ಬೇಕು ಅಲ್ವಾ? ಕೊನೆಯ ಅಂಚು ಕೆಳಗೆ ಬರುವಂತೆ ಇಟ್ಟು, ಮೇಲೊಂದು ಬಟ್ಟೆ ಮುಚ್ಚಿ 30ರಿಂದ 40 ನಿಮಿಷ ಆರಲು ಬಿಡಿ. ಫ್ಯಾನ್ ಕೆಳಗೆ ಬೇಡ. ರಾತ್ರಿಯಿಡೀ ಹಾಗೇ ಬಿಟ್ಟರೆ ಸುರುಳಿ ಗಟ್ಟಿಯಾಗಿ, ಬಿಚ್ಚುವಾಗ ಬಿರಿಯುತ್ತದೆ.

ಬಿಚ್ಚಿ, ಹಚ್ಚಿ, ಮತ್ತೆ ಸುತ್ತಿ

ಕೈಯಿಟ್ಟರೆ ಬಿಸಿ ಎನಿಸದಿದ್ದಾಗ ಬಿಚ್ಚಿ. ಪೂರ್ತಿ ಚಪ್ಪಟೆ ಮಾಡಬೇಡಿ. ಮೊದಲ ಸುತ್ತು ಎದ್ದು ಬಾಗಿಕೊಂಡೇ ಇರಲಿ. ಅದನ್ನು ಒತ್ತಿ ನೇರ ಮಾಡಲು ಹೋದಾಗಲೇ ಒಳಮೈಯಲ್ಲಿ ಸೀಳು ಬೀಳುವುದು.

200 ಮಿ.ಲೀ. ವಿಪ್ಪಿಂಗ್ ಕ್ರೀಮನ್ನು ಗಟ್ಟಿಯಾಗಿ, ಆದರೆ ಹರಳುಗಟ್ಟದಂತೆ ಬೀಟ್ ಮಾಡಿ ಅರ್ಧ ಸೆಂಟಿಮೀಟರಿನಷ್ಟು ದಪ್ಪಕ್ಕೆ ಹಚ್ಚಿ. ಶುರುವಿನ ಕಡೆ ಸ್ವಲ್ಪ ಜಾಸ್ತಿ, ಕೊನೆಯ ಎರಡು ಸೆಂಟಿಮೀಟರ್ ಖಾಲಿ. ಸುತ್ತುವಾಗ ಕ್ರೀಮ್ ಆ ಕಡೆಗೇ ಸರಿಯುತ್ತದೆ. ಕೇಕ್ ಇನ್ನೂ ಬೆಚ್ಚಗಿದ್ದರೆ ಕ್ರೀಮ್ ಕರಗಿ ಪದರ ಜಾರುತ್ತದೆ. ಜ್ಯಾಮ್ ಮಾತ್ರ ಹಚ್ಚುವುದಾದರೆ ಈ ಚಿಂತೆ ಇಲ್ಲ, ಬೆಚ್ಚಗಿರುವಾಗಲೇ ಹಚ್ಚಿ ಒಮ್ಮೆಗೇ ಸುತ್ತಿಬಿಡಬಹುದು.

ಬಟ್ಟೆ ಬಿಟ್ಟು ಈಗ ಹೊಸ ಪೇಪರಿನ ಮೇಲೆ ಸುತ್ತಿ. ಸುತ್ತಿದ ಮೇಲೆ ಪೇಪರನ್ನು ರೋಲಿನ ಮೇಲೆ ಹೊದಿಸಿ, ಮೇಲಿನ ಪದರದ ಮೇಲೆ ರೋಲಿನ ಬುಡಕ್ಕೆ ಒಂದು ಉದ್ದ ಸ್ಕೇಲನ್ನು ಒತ್ತಿ ಹಿಡಿದು ಕೆಳಗಿನ ಪೇಪರನ್ನು ನಿಮ್ಮತ್ತ ಎಳೆಯಿರಿ. ಒಳಗಿನ ಸಂದುಗಳು ಮುಚ್ಚಿ ರೋಲ್ ದುಂಡಗಾಗುತ್ತದೆ. ಎರಡೂ ತುದಿ ತಿರುಚಿ, ಅಂಚು ಕೆಳಗೆ ಬರುವಂತೆ ಫ್ರಿಜ್‌ನಲ್ಲಿ ಕನಿಷ್ಠ ಒಂದು ಗಂಟೆ ಇಡಿ.

ಬಿರುಕು ಬಂದೇಬಿಟ್ಟರೆ

ಎಲ್ಲಿ ಬಂತು ಅಂತ ನೋಡಿ, ಕಾರಣ ಅಲ್ಲೇ ಇರುತ್ತದೆ. ಎರಡು ತುದಿಗಳಲ್ಲಿ ಸಣ್ಣ ಸಣ್ಣದಾಗಿ ಹರಿದಿದ್ದರೆ ಅಂಚು ತೆಳುವಾಗಿ ಒಣಗಿತ್ತು. ಹರಡುವುದನ್ನು ಸರಿಮಾಡಿ, ಅಂಚು ಕತ್ತರಿಸುವುದನ್ನು ಮರೆಯಬೇಡಿ. ಮೊದಲ ಸುತ್ತಿನಲ್ಲಿ ಅಡ್ಡಕ್ಕೆ ಒಂದೇ ಆಳವಾದ ಬಿರುಕು ಬಿದ್ದಿದ್ದರೆ ಕೇಕ್ ದಪ್ಪವಾಯಿತು, ಇಲ್ಲವೇ ಗೀರು ಹಾಕದೆ ಬಿಗಿಯಾಗಿ ಮಡಚಿದಿರಿ. ಹೊರಮೈ ತುಂಬ ಒಂದರ ಪಕ್ಕ ಒಂದು ಗೆರೆಗೆರೆಯಾಗಿ ಒಡೆದಿದ್ದರೆ ಹೆಚ್ಚಾಗಿ ಅದು ಅತಿಯಾಗಿ ಬೆಂದ ಗುರುತು. ಮುಂದಿನ ಸಲ ಒಂದೂವರೆ ನಿಮಿಷ ಮೊದಲೇ ತೆಗೆಯಿರಿ, ಬೇರೆ ಏನನ್ನೂ ಬದಲಿಸಬೇಡಿ. ಬಿರುಕಿಲ್ಲದೆ ಮೇಲಿನ ತೆಳು ಪೊರೆ ಮಾತ್ರ ಪೇಪರಿಗೆ ಅಂಟಿ ಸುಲಿದು ಬಂದರೆ ಕೇಕ್ ಅರೆಬೆಂದಿದೆ, ಒಂದು ನಿಮಿಷ ಹೆಚ್ಚು ಬೇಕಿತ್ತು.

ಅಂಚು ಗಟ್ಟಿಯಾದದ್ದು ಸುತ್ತುವ ಮೊದಲೇ ಗೊತ್ತಾದರೆ ಉಳಿಸಿಕೊಳ್ಳುವ ದಾರಿ ಇದೆ. ಬಿಸಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯನ್ನು ಕೇಕಿನ ಮೇಲೆ ಐದು ನಿಮಿಷ ಹೊದಿಸಿಡಿ. ಹಬೆ ಒಳಗಿಳಿದು ಮೆತ್ತಗಾಗುತ್ತದೆ. ಸ್ವಲ್ಪ ಒಣಗಿದ ಕೇಕಿಗೆ ಇದು ಸಾಕು. ಪೂರ್ತಿ ಗರಿಗರಿಯಾದದ್ದಕ್ಕೆ ನಾಟುವುದಿಲ್ಲ. ಅದನ್ನು ಸುತ್ತಲು ಹೋಗದೆ ಮೂರು ತುಂಡು ಮಾಡಿ ಕ್ರೀಮ್ ಹಚ್ಚಿ ಒಂದರ ಮೇಲೊಂದು ಜೋಡಿಸಿಬಿಡಿ. ಸುತ್ತಿದ ಮೇಲೆ ಕಂಡ ಸಣ್ಣ ಬಿರುಕಿಗೆ ಆ ಜಾಗದಲ್ಲಿ ಒಂದಿಷ್ಟು ಕ್ರೀಮ್ ಸವರಿ, ಪೇಪರಿನಲ್ಲಿ ಬಿಗಿಯಾಗಿ ಸುತ್ತಿ ಫ್ರಿಜ್‌ನಲ್ಲಿಡಿ. ಒಂದು ಗಂಟೆಯಲ್ಲಿ ಅದು ಕೂಡಿಕೊಂಡು ನಿಲ್ಲುತ್ತದೆ.

ಕತ್ತರಿಸುವಾಗ ಉದ್ದನೆಯ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿಕೊಳ್ಳಿ. ಮೇಲಿಂದ ಒತ್ತದೆ ಗರಗಸದಂತೆ ಹಿಂದೆ ಮುಂದೆ ಎಳೆಯಿರಿ, ಪ್ರತಿ ತುಂಡಿಗೂ ಚಾಕು ಮತ್ತೆ ಒರೆಸಿ. ಉಳಿದ ರೋಲನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟು ಎರಡು ದಿನದೊಳಗೆ ಮುಗಿಸಿ. ಕತ್ತರಿಸಿದ ಮುಖಕ್ಕೆ ಒಂದು ತುಂಡು ಪೇಪರ್ ಅಂಟಿಸಿಟ್ಟರೆ ಆ ಬದಿ ಒಣಗುವುದಿಲ್ಲ.